ವಾಚ್ ಆಕ್ಸಿಜನ್ 86 ತೋರಿಸಿದರೆ: ತೊಂದರೆ ರಕ್ತದಲ್ಲೋ, ಮಣಿಕಟ್ಟಿನ ಮೇಲೋ?

ಚಳಿಗಾಲದ ಒಂದು ಬೆಳಿಗ್ಗೆ ಅಪ್ಪ ವಾಕಿಂಗ್ ಮುಗಿಸಿ ಬಂದು ಕುರ್ಚಿಯಲ್ಲಿ ಕೂತರು. ಕೈಯ ವಾಚಿನಲ್ಲಿ ಆಕ್ಸಿಜನ್ ನೋಡಿಕೊಂಡರು. 86. ಒಂದು ನಿಮಿಷ ಬಿಟ್ಟು ಮತ್ತೆ ನೋಡಿದರು. 91. ಮೂರನೇ ಸಲ ಅಳೆಯೋಕೇ ಆಗಲಿಲ್ಲ, ಮತ್ತೆ ಪ್ರಯತ್ನಿಸಿ ಎಂದು ಬಂತು. ಅಮ್ಮ ಗಾಬರಿಯಾಗಿ ನನ್ನನ್ನು ಎಬ್ಬಿಸಿದರು. ಅಪ್ಪ ಮಾತ್ರ, "ನಂಗೇನೂ ಆಗಿಲ್ಲ ಕಣೋ, ಉಸಿರು ಸರಿಯಾಗೇ ಇದೆ" ಎನ್ನುತ್ತಿದ್ದರು.

ನಾನು ಇಂಥ ಸೆನ್ಸರ್‌ಗಳ ಸಿಗ್ನಲ್ ಜೊತೆ ಕೆಲಸ ಮಾಡುವವನು. ಆದರೂ ಆ 86 ನೋಡಿದಾಗ ಎದೆ ಧಸಕ್ ಎಂದಿತು. ಅವತ್ತು ಒಂದೊಂದಾಗಿ ಏನೇನು ಪರೀಕ್ಷಿಸಿದೆ, ಯಾಕೆ ಹಾಗೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ. ನಿಮ್ಮ ಮನೆಯಲ್ಲೂ ಹೀಗಾದರೆ ಇದೇ ದಾರಿಯಲ್ಲಿ ಹೋಗಬಹುದು.

ಮೊದಲು ಮನುಷ್ಯರನ್ನು ನೋಡಿ

ವಾಚ್ ಬಿಚ್ಚುವ ಮೊದಲು ಅದನ್ನು ಹಾಕಿಕೊಂಡವರನ್ನು ನೋಡಬೇಕು. ಒಂದು ಪೂರ್ತಿ ವಾಕ್ಯವನ್ನು ನಡುವೆ ಉಸಿರು ಎಳೆಯದೆ ಹೇಳುತ್ತಾರಾ? ತುಟಿ, ನಾಲಿಗೆ ನೀಲಿಯಾಗಿದೆಯಾ? ಎದೆ ನೋವು ಇದೆಯಾ? ಗೊಂದಲ, ಮಂಪರು, ಇದ್ದಕ್ಕಿದ್ದಂತೆ ಸುಸ್ತು? ಇವುಗಳಲ್ಲಿ ಒಂದಿದ್ದರೂ ಮುಂದಿನದು ಯಾವುದೂ ಬೇಡ, ತಕ್ಷಣ ವೈದ್ಯಕೀಯ ಸಹಾಯ ಪಡೆಯಿರಿ. ವಾಚ್ 98 ತೋರಿಸುತ್ತಿದ್ದರೂ ಅಷ್ಟೇ. ಬೆರಳ ತುದಿ ಮಾತ್ರ ನೀಲಿಯಾಗಿದ್ದರೆ ಅದು ಚಳಿಯಿಂದಲೂ ಇರಬಹುದು. ತುಟಿ, ನಾಲಿಗೆ ನೀಲಿಯಾದರೆ ಬೇರೆ ಮಾತು.

ಅಪ್ಪನ ಮಾತು ಸರಾಗವಾಗಿತ್ತು. ತುಟಿಯ ಬಣ್ಣ ಎಂದಿನಂತೇ ಇತ್ತು. ಕೈ ಮುಟ್ಟಿದರೆ ಮಂಜುಗಡ್ಡೆ. ಅಲ್ಲಿಗೆ ನನಗೆ ಮೊದಲ ಅನುಮಾನ ಬಂತು.

86 ಎಂಬ ಅಂಕಿ ಎಲ್ಲಿಂದ ಬರುತ್ತದೆ

ಇದೊಂದು ಗೊತ್ತಾದರೆ ಮುಂದಿನ ಪರೀಕ್ಷೆಗಳೆಲ್ಲ ತಾವಾಗೇ ಅರ್ಥವಾಗುತ್ತವೆ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ವಾಚಿನ ಹಿಂಬದಿಯಲ್ಲಿ ಎರಡು ಬಗೆಯ ಬೆಳಕು ಮಿನುಗುತ್ತದೆ. ಒಂದು ಕೆಂಪು, ಸುಮಾರು 660 ನ್ಯಾನೋಮೀಟರ್. ಇನ್ನೊಂದು ಕಣ್ಣಿಗೆ ಕಾಣದ ಇನ್‌ಫ್ರಾರೆಡ್, ಸುಮಾರು 940 ನ್ಯಾನೋಮೀಟರ್. ಆಕ್ಸಿಜನ್ ತುಂಬಿದ ರಕ್ತ ಕೆಂಪು ಬೆಳಕನ್ನು ಕಡಿಮೆ ಹೀರುತ್ತದೆ, ಇನ್‌ಫ್ರಾರೆಡ್ಡನ್ನು ಜಾಸ್ತಿ ಹೀರುತ್ತದೆ. ಆಕ್ಸಿಜನ್ ಇಲ್ಲದ ರಕ್ತದಲ್ಲಿ ಇದು ಉಲ್ಟಾ. ಆದರೆ ಬೆಳಕಿನ ದಾರಿಯಲ್ಲಿ ಚರ್ಮ, ಕೊಬ್ಬು, ಮೂಳೆ, ಅಶುದ್ಧ ರಕ್ತ ಎಲ್ಲವೂ ಇವೆ. ಅವುಗಳ ನಡುವೆ ಅಪಧಮನಿಯ ರಕ್ತವನ್ನು ಮಾತ್ರ ಗುರುತಿಸುವುದು ಹೇಗೆ? ಅದೊಂದೇ ಹೃದಯ ಬಡಿದಾಗಲೆಲ್ಲ ಉಬ್ಬಿ ಇಳಿಯುತ್ತದೆ. ಬೆಳಕಿನಲ್ಲಿ ಆ ಬಡಿತದ ಜೊತೆ ಏರಿಳಿಯುವ ಪಾಲನ್ನು ಮಾತ್ರ ತೆಗೆದುಕೊಂಡು, ಕದಲದ ಪಾಲಿನಿಂದ ಭಾಗಿಸಿದರೆ ಸಾಕು. 1970ರ ದಶಕದ ಆರಂಭದಲ್ಲಿ ಜಪಾನಿನ ಟಾಕುವೊ ಅಯೋಯಾಗಿ ಕಂಡುಕೊಂಡ ಈ ಉಪಾಯದ ಮೇಲೇ ಇವತ್ತಿಗೂ ಎಲ್ಲ ಪಲ್ಸ್ ಆಕ್ಸಿಮೀಟರ್‌ಗಳು ನಡೆಯುತ್ತಿವೆ.

ಪಠ್ಯಗಳಲ್ಲಿ ಸಿಗುವ ಸರಳ ಲೆಕ್ಕ ಹೀಗಿದೆ. ಪ್ರತಿ ಉಪಕರಣಕ್ಕೂ ತನ್ನದೇ ಕೋಷ್ಟಕ ಇರುತ್ತದೆ, ಆದರೆ ಸ್ವರೂಪ ಇದೇ:

```
R = (AC_red / DC_red) / (AC_ir / DC_ir)
SpO2 ≈ 110 - 25 × R
```

`AC` ಎಂದರೆ ಬಡಿತದ ಜೊತೆ ಏರಿಳಿಯುವ ಪಾಲು, `DC` ಎಂದರೆ ಕದಲದ ಪಾಲು, `SpO2` ಎಂದರೆ ವಾಚ್ ಶೇಕಡಾ ಲೆಕ್ಕದಲ್ಲಿ ತೋರಿಸುವ ಆಕ್ಸಿಜನ್ ಅಂಕಿ. ಈಗ ಸುಮ್ನೆ ಅಂಕಿ ಹಾಕಿ ನೋಡೋಣ. ಕೈ ಬೆಚ್ಚಗಿದೆ ಎಂದುಕೊಳ್ಳಿ. ಇನ್‌ಫ್ರಾರೆಡ್‌ನಲ್ಲಿ ಏರಿಳಿತ 0.50%, ಕೆಂಪಿನಲ್ಲಿ 0.26%. ಭಾಗಿಸಿದರೆ `R` 0.52. ಲೆಕ್ಕ ಹಾಕಿದರೆ ಆಕ್ಸಿಜನ್ 97.

ಈಗ ಕೈ ತಣ್ಣಗಾಗಿ ರಕ್ತನಾಳಗಳು ಕುಗ್ಗಿದವು ಎಂದುಕೊಳ್ಳಿ. ಎರಡೂ ಏರಿಳಿತ ಹತ್ತನೇ ಒಂದಕ್ಕೆ ಇಳಿದವು: 0.05% ಮತ್ತು 0.026%. ಅನುಪಾತ ಇನ್ನೂ 0.52 ತಾನೇ, ಉತ್ತರವೂ 97. ಇಲ್ಲಿಯವರೆಗೆ ತೊಂದರೆ ಇಲ್ಲ. ಆದರೆ ಕೈಯ ನಡುಕ, ಸರ್ಕ್ಯೂಟಿನ ಗದ್ದಲ ಎಲ್ಲ ಸೇರಿ ಎರಡು ಬಣ್ಣಕ್ಕೂ ಒಂದೇ ಅಳತೆಯ ಕಸ ಬೆರೆಯುತ್ತದೆ. ಅದು 0.10% ಎಂದಿಟ್ಟುಕೊಂಡರೆ ಇನ್‌ಫ್ರಾರೆಡ್ 0.15% ಆಯಿತು, ಕೆಂಪು 0.126% ಆಯಿತು. `R` ಈಗ 0.84. ಉತ್ತರ 89. ರಕ್ತದಲ್ಲಿ ಏನೂ ಬದಲಾಗಲಿಲ್ಲ, ಅಂಕಿ ಮಾತ್ರ ಎಂಟು ಕೆಳಗಿಳಿಯಿತು.

ಕಸ ಇನ್ನೂ ಜಾಸ್ತಿಯಾದರೆ ಎರಡೂ ಸಂಖ್ಯೆಗಳು ಹೆಚ್ಚು ಕಡಿಮೆ ಸಮವಾಗುತ್ತವೆ. `R` 1ರ ಹತ್ತಿರ ಬರುತ್ತದೆ. 110ರಿಂದ 25 ಕಳೆದರೆ 85. ಬರೀ ಕಸವನ್ನೇ ಅಳೆಯುತ್ತಿರುವ ಆಕ್ಸಿಮೀಟರ್ 85ರ ಸುತ್ತಮುತ್ತ ಬಂದು ನಿಲ್ಲುವುದು ಇದಕ್ಕೇ. ಹಾಗಾಗಿ ಆರಾಮಾಗಿ ಕೂತಿರುವವರ ವಾಚಿನಲ್ಲಿ 84, 86, 87 ಕಂಡರೆ ನನ್ನ ಮೊದಲ ಪ್ರಶ್ನೆ ಒಂದೇ: ಸೆನ್ಸರ್‌ಗೆ ನಾಡಿ ಸಿಗುತ್ತಿದೆಯಾ?

ಇದರ ಅರ್ಥ 85 ಬಂದರೆ ಯಾವಾಗಲೂ ಸುಳ್ಳು ಎಂದಲ್ಲ. ನಿಜವಾಗಿ 85 ಇರುವ ರೋಗಿಗಳೂ ಇದ್ದಾರೆ. ವ್ಯತ್ಯಾಸ ತಿಳಿಯುವುದು ನಡವಳಿಕೆಯಲ್ಲಿ. ಸಿಗ್ನಲ್ ಇಲ್ಲದ ಅಂಕಿ ಕುಣಿಯುತ್ತದೆ: 86, 91, ಆಮೇಲೆ ಏನೂ ಇಲ್ಲ. ನಿಜವಾದ ಇಳಿಕೆ ಸಾಮಾನ್ಯವಾಗಿ ಅದೇ ಜಾಗದಲ್ಲಿ ಕೂತಿರುತ್ತದೆ, ಕೈ ಬೆಚ್ಚಗಾದರೂ ಹೋಗುವುದಿಲ್ಲ.

ಬೆರಳಿಗಿಂತ ಮಣಿಕಟ್ಟಿನಲ್ಲಿ ಈ ತೊಂದರೆ ಜಾಸ್ತಿ. ಬೆರಳಿನ ಮೀಟರ್‌ನಲ್ಲಿ ಬೆಳಕು ಒಂದು ಕಡೆಯಿಂದ ಹೊಕ್ಕು ಇನ್ನೊಂದು ಕಡೆ ಬರುತ್ತದೆ, ಬೆರಳ ತುದಿಯಲ್ಲಿ ರಕ್ತನಾಳಗಳೂ ದಟ್ಟ. ಮಣಿಕಟ್ಟಿನ ಹಿಂಬದಿಯಲ್ಲಿ ಬೆಳಕು ಹೋಗಿ ಅದೇ ಕಡೆಗೆ ಚದುರಿ ವಾಪಸ್ ಬರಬೇಕು. ಅಲ್ಲಿ ನಾಡಿಯ ಏರಿಳಿತ ಮೊದಲೇ ಸಣ್ಣದು. ಚಳಿ ಬಂದರೆ ಕಳೆದುಕೊಳ್ಳಲು ಜಾಸ್ತಿ ಏನೂ ಉಳಿದಿರುವುದಿಲ್ಲ.

ಇಲ್ಲಿ ಅನೇಕರು ಎಡವುವ ಒಂದು ಜಾಗ ಇದೆ. "ಹಾರ್ಟ್ ರೇಟ್ ಸರಿಯಾಗಿ ಬರುತ್ತಿದೆ, ಅಂದಮೇಲೆ ಆಕ್ಸಿಜನ್ನೂ ಸರಿ ಇರಬೇಕು ಅಲ್ವಾ?" ಹಾಗೇನಿಲ್ಲ. ಹೆಚ್ಚಿನ ವಾಚುಗಳು ಹೃದಯ ಬಡಿತಕ್ಕೆ ಹಸಿರು ಬೆಳಕು ಬಳಸುತ್ತವೆ. ರಕ್ತ ಹಸಿರನ್ನು ಬಹಳ ಹೀರುತ್ತದೆ, ಹಾಗಾಗಿ ಬಡಿತ ಎದ್ದು ಕಾಣುತ್ತದೆ. ಅದಲ್ಲದೆ ಬಡಿತ ಎಣಿಸೋಕೆ ಏರಿಳಿತ ಯಾವಾಗ ಬಂತು ಎಂದು ಗೊತ್ತಾದರೆ ಸಾಕು. ಆಕ್ಸಿಜನ್‌ಗೆ ಎರಡು ಬಣ್ಣದಲ್ಲೂ ಅದು ಎಷ್ಟು ಬಂತು ಎಂದು ನಿಖರವಾಗಿ ಬೇಕು. ಹಾಗಾಗಿ ಹಾರ್ಟ್ ರೇಟ್ ಸರಿ ಇದ್ದೂ ಆಕ್ಸಿಜನ್ ತಪ್ಪಿರಬಹುದು. ಆದರೆ ಹಾರ್ಟ್ ರೇಟೇ ತಪ್ಪಿದ್ದರೆ ಆಕ್ಸಿಜನ್ ಅಂಕಿಯನ್ನು ನಂಬಲೇಬೇಡಿ.

ಮೊದಲ ಪರೀಕ್ಷೆ: ಕೈ ಬೆಚ್ಚಗೆ ಮಾಡಿ

ಕೈ ಸುಮ್ನೆ ಉಜ್ಜಿ ಅರ್ಧ ನಿಮಿಷಕ್ಕೆ ಮತ್ತೆ ಅಳೆದರೆ ಉಪಯೋಗ ಇಲ್ಲ. ಚರ್ಮ ಬೆಚ್ಚಗಾದರೂ ನಾಳಗಳು ತೆರೆಯಲು ಹೊತ್ತು ಹಿಡಿಯುತ್ತದೆ. ಮೈಯೇ ತಣ್ಣಗಿದ್ದರೆ ಕೈಯೊಂದನ್ನೇ ಬಿಸಿ ಮಾಡಿದರೆ ನಡೆಯುವುದಿಲ್ಲ, ಮೈಗೂ ಹೊದಿಕೆ ಬೇಕು. ಅಪ್ಪನಿಗೆ ಶಾಲು ಹೊದಿಸಿ, ಎರಡೂ ಕೈ ಮೊಣಕೈ ತನಕ ಉಗುರು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿಸಿದೆ. ಆಮೇಲೆ ಒರೆಸಿ, ಇನ್ನೂ ಐದು ನಿಮಿಷ ಸುಮ್ಮನೆ ಕೂರಿಸಿದೆ. ವಯಸ್ಸಾದವರಿಗೆ, ಸಕ್ಕರೆ ಕಾಯಿಲೆ ಇರುವವರಿಗೆ ನೀರು ಬಿಸಿ ಇರಬಾರದು. ಅವರಿಗೆ ಸುಡುವುದು ಬೇಗ ಗೊತ್ತಾಗದಿರಬಹುದು. ನಿಮ್ಮ ಮೊಣಕೈ ಅದ್ದಿ ನೋಡಿಕೊಳ್ಳಿ.

ಕೈ ಬೆಚ್ಚಗಾದ ಮೇಲೆ ವಾಚ್ 94 ತೋರಿಸಿತು. ಮತ್ತೆ ನೋಡಿದರೆ 92. ಮೇಲೆ ಬಂತು, ಆದರೂ ಕುಣಿಯುವುದು ನಿಲ್ಲಲಿಲ್ಲ. ಅಂದರೆ ಚಳಿಯ ಜೊತೆ ಇನ್ನೇನೋ ಇತ್ತು.

ಎರಡನೇ ಪರೀಕ್ಷೆ: ವಾಚ್ ಕೂತಿರುವ ರೀತಿ

ಅಪ್ಪ ವಾಚನ್ನು ಬಳೆ ಹಾಗೆ ಸಡಿಲವಾಗಿ, ಮಣಿಕಟ್ಟಿನ ಮೂಳೆಯ ಮೇಲೇ ಹಾಕುತ್ತಾರೆ. ಮೂಳೆಯ ಉಬ್ಬಿನ ಮೇಲೆ ಸಪಾಟಾದ ಗಾಜು ಕೂತರೆ ಒಂದು ಅಂಚು ಎದ್ದೇ ಇರುತ್ತದೆ. ಆ ಸಂದಿಯಲ್ಲಿ ಎರಡು ತೊಂದರೆ ಆಗುತ್ತವೆ. ಒಂದು, ಎಲ್‌ಇಡಿಯ ಬೆಳಕು ಚರ್ಮದ ಒಳಗೆ ಹೋಗದೆ ಮೇಲಿಂದ ಮೇಲೇ ಹಾರಿ ಸೆನ್ಸರ್‌ಗೆ ತಾಗುತ್ತದೆ. ಅದರಲ್ಲಿ ನಾಡಿಯೇ ಇಲ್ಲ, ಬರೀ `DC` ಜಾಸ್ತಿಯಾಗುತ್ತದೆ. ಎರಡು, ಕೈ ಒಂದು ಕೂದಲೆಳೆಯಷ್ಟು ಅಲುಗಿದರೂ ಸಂದಿ ಹಿಗ್ಗಿ ಕುಗ್ಗುತ್ತದೆ. ಆಗ ಕೆಂಪು, ಇನ್‌ಫ್ರಾರೆಡ್ ಎರಡೂ ಒಂದೇ ಪ್ರಮಾಣದಲ್ಲಿ ಏರಿಳಿಯುತ್ತವೆ. ಮತ್ತೆ `R` 1ರ ಕಡೆಗೆ, ಮತ್ತೆ ಅಂಕಿ 85ರ ಕಡೆಗೆ.

ಸಂದಿ ಇದೆಯೋ ಇಲ್ಲವೋ ಎಂದು ನೋಡಲು ನನಗೆ ಇಷ್ಟವಾದ ಪರೀಕ್ಷೆ ಇದು. ದೀಪ ಆರಿಸಿ, ಕೋಣೆ ಕತ್ತಲೆ ಮಾಡಿ, ಅಳತೆ ಶುರು ಮಾಡಿ. ಪಕ್ಕದಿಂದ ವಾಚಿನ ಅಂಚನ್ನು ನೋಡಿ. ಚರ್ಮ ಒಳಗಿನಿಂದ ಮಂದವಾಗಿ ಕೆಂಪಗೆ ಹೊಳೆದರೆ ಪರವಾಗಿಲ್ಲ. ಅಂಚಿನಿಂದ ಕೆಂಪು ಬೆಳಕು ನೇರವಾಗಿ ಕಣ್ಣಿಗೆ ಹೊಡೆದರೆ ಅಲ್ಲಿ ಸಂದಿ ಇದೆ. ಅಪ್ಪನ ವಾಚಿನಲ್ಲಿ ಕಿರುಬೆರಳಿನ ಕಡೆಯ ಅಂಚು ಪೂರ್ತಿ ಬೆಳಗುತ್ತಿತ್ತು.

ಸರಿಪಡಿಸುವುದು ಸುಲಭ. ವಾಚನ್ನು ಮೂಳೆಯಿಂದ ಮೊಣಕೈ ಕಡೆಗೆ ಒಂದೆರಡು ಬೆರಳಗಲ ಮೇಲಕ್ಕೆ ಸರಿಸಿ, ಅಲ್ಲಿ ಕೈ ಸಪಾಟಾಗಿರುತ್ತದೆ. ಗಾಜನ್ನೂ ಚರ್ಮವನ್ನೂ ಒರೆಸಿ. ಬೆವರು, ಲೋಷನ್ ಇದ್ದರೆ ವಾಚ್ ಜಾರುತ್ತದೆ. ವಾಚನ್ನು ಬೆರಳಿನಿಂದ ತಳ್ಳಿದಾಗ ಅದರ ಕೆಳಗಿನ ಚರ್ಮವೂ ಜೊತೆಗೇ ಸರಿಯಬೇಕು, ಬೆಲ್ಟ್ ಅಷ್ಟು ಬಿಗಿ ಇದ್ದರೆ ಸಾಕು.

ಅದಕ್ಕಿಂತ ಬಿಗಿ ಮಾಡಬೇಡಿ. "ಸಡಿಲ ಇದ್ದರೆ ತಪ್ಪು, ಹಾಗಾದ್ರೆ ಗಟ್ಟಿಯಾಗಿ ಕಟ್ಟೋಣ" ಎಂದು ಬಹಳ ಜನ ಕೈ ಹಿಂಡುವಷ್ಟು ಎಳೆಯುತ್ತಾರೆ. ಹಾಗೆ ಒತ್ತಿದರೆ ಸಣ್ಣ ನಾಳಗಳಲ್ಲಿ ರಕ್ತ ಬರುವುದೇ ಕಡಿಮೆಯಾಗಿ ಏರಿಳಿತ ಇನ್ನೂ ಸಣ್ಣದಾಗುತ್ತದೆ. ವಾಪಸ್ ಹೋಗುವ ರಕ್ತವೂ ತಡೆದು ನಿಂತು ನಾಡಿಯ ಜೊತೆ ಅಲುಗಬಹುದು. ಅದರಲ್ಲಿ ಆಕ್ಸಿಜನ್ ಕಡಿಮೆ, ಆದರೆ ಸೆನ್ಸರ್ ಅದನ್ನೂ ಅಪಧಮನಿಯದೇ ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ವಾಚ್ ಬಿಚ್ಚಿದಾಗ ಆಳವಾದ ಅಚ್ಚು ಉಳಿದರೆ ಬೆಲ್ಟ್ ಜಾಸ್ತಿ ಬಿಗಿಯಾಗಿತ್ತು ಎಂದೇ ಲೆಕ್ಕ.

ಆಮೇಲೆ ಮುಂಗೈಯನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲೆ ಇಡಿ. ಅಂಗೈ ಕೆಳಗೆ, ವಾಚ್ ಮೇಲೆ. ಅಳತೆ ಮುಗಿಯುವ ತನಕ ಮಾತೂ ಬೇಡ, ಬೆರಳು ಆಡಿಸುವುದೂ ಬೇಡ. ಮಣಿಕಟ್ಟಿನ ಮೂಲಕವೇ ಹೋಗುವ ಸ್ನಾಯುರಜ್ಜುಗಳು ಬೆರಳು ಆಡಿದಾಗ ಸೆನ್ಸರ್ ಕೆಳಗೇ ಓಡಾಡುತ್ತವೆ.

ಇಷ್ಟಾದ ಮೇಲೆ ಅಪ್ಪನ ವಾಚ್ ಮೂರು ಸಲವೂ ಹತ್ತಿರ ಹತ್ತಿರ ತೋರಿಸಿತು: 96, 97, 96.

ಹಚ್ಚೆ ಇದ್ದರೆ

ಅಪ್ಪನ ಕೈಯಲ್ಲಿ ಹಚ್ಚೆ ಇಲ್ಲ. ನನ್ನ ತಂಗಿಯ ಎಡಗೈಯಲ್ಲಿದೆ, ವಾಚ್ ಕೂರುವ ಜಾಗದಲ್ಲೇ ದಟ್ಟ ಕಪ್ಪು ಹೂಬಳ್ಳಿ. ಅವಳ ತೊಂದರೆಯ ಸ್ವಭಾವವೇ ಬೇರೆ.

ಶಾಯಿ ಚರ್ಮದ ಒಳಪದರದಲ್ಲಿ ಕೂತಿರುತ್ತದೆ. ಬೆಳಕು ಒಳಗೆ ಹೋಗುವಾಗಲೂ ಹೊರಗೆ ಬರುವಾಗಲೂ ಅದನ್ನು ದಾಟಬೇಕು. ಲೆಕ್ಕದ ಪ್ರಕಾರ ನೋಡಿದರೆ ಇದರಿಂದ ಅಂಕಿ ಬದಲಾಗಬಾರದು. ಶಾಯಿ ಏರಿಳಿತವನ್ನೂ ಕದಲದ ಪಾಲನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ, ಭಾಗಿಸಿದಾಗ ಎರಡೂ ರದ್ದಾಗಬೇಕು. ಆದರೆ ವಾಪಸ್ ಬರುವ ಬೆಳಕೇ ಅಷ್ಟು ಮಂದವಾದ ಮೇಲೆ ಸರ್ಕ್ಯೂಟಿನ ಗದ್ದಲ ಅದನ್ನು ನುಂಗಿಬಿಡುತ್ತದೆ. ಅಂದರೆ ಮೇಲಿನ ಚಳಿಯ ಲೆಕ್ಕವೇ ಇಲ್ಲೂ ನಡೆಯುತ್ತದೆ. ದಟ್ಟ ಶಾಯಿಯ ಮೇಲೆ ಕೆಲವು ವಾಚುಗಳು ತಾವು ಕೈಯಲ್ಲಿದ್ದೇವೆ ಎಂಬುದನ್ನೇ ಗುರುತಿಸದೆ ಲಾಕ್ ಆಗುತ್ತವೆ.

ಚಳಿಯ ದೋಷ ಹೊತ್ತಿನ ಜೊತೆ ಬಂದು ಹೋಗುತ್ತದೆ. ಬೆಲ್ಟಿನ ದೋಷ ಅಲುಗಾಟದ ಜೊತೆ ಬಂದು ಹೋಗುತ್ತದೆ. ಹಚ್ಚೆಯ ದೋಷ ಜಾಗಕ್ಕೆ ಅಂಟಿಕೊಂಡಿರುತ್ತದೆ. ಬೇಸಿಗೆಯಲ್ಲೂ ಇರುತ್ತದೆ, ಎಷ್ಟು ಕದಲದೆ ಕೂತರೂ ಇರುತ್ತದೆ. ಪರೀಕ್ಷೆ ಹೀಗೆ: ಎರಡೂ ಕೈ ಬೆಚ್ಚಗಿರುವಾಗ ಹಚ್ಚೆಯ ಕೈಯಲ್ಲಿ ಐದು ಸಲ, ಬರಿಯ ಕೈಯಲ್ಲಿ ಐದು ಸಲ ಅಳೆದು ಬರೆದಿಡಿ. ತಂಗಿಗೆ ಎಡಗೈಯಲ್ಲಿ ಐದರಲ್ಲಿ ಮೂರು ಸಲ ಅಳತೆಯೇ ಆಗಲಿಲ್ಲ, ಉಳಿದ ಎರಡು ಸಲ 88 ಮತ್ತು 95. ಬಲಗೈಯಲ್ಲಿ ಐದೂ ಸಲ 97 ಅಥವಾ 98.

ಹಚ್ಚೆಗೆ ಮದ್ದು ಒಂದೇ, ಜಾಗ ಬದಲಿಸುವುದು. ಇನ್ನೊಂದು ಕೈಗೆ ಹಾಕಿ, ಸೆಟ್ಟಿಂಗ್‌ನಲ್ಲಿ ಯಾವ ಕೈ ಎಂಬುದನ್ನೂ ಬದಲಿಸಿ. ಎರಡೂ ಕೈಯಲ್ಲಿ ಹಚ್ಚೆ ಇದ್ದರೆ ಶಾಯಿ ಇಲ್ಲದ ಚರ್ಮ ಗಾಜಿನ ಪೂರ್ತಿ ಅಗಲಕ್ಕೆ ಎಲ್ಲಿ ಸಿಗುತ್ತದೆ ನೋಡಿ. ಸಿಗದಿದ್ದರೆ ಆಕ್ಸಿಜನ್‌ಗೆ ಆ ವಾಚನ್ನು ನಂಬುವುದು ಬೇಡ, ಬೆರಳಿನ ಮೀಟರ್ ಇಟ್ಟುಕೊಳ್ಳಿ.

ಬೆರಳಿನ ಮೀಟರ್ ಜೊತೆ ಹೋಲಿಸುವಾಗ

ವಾಚಿನ ಮೇಲೆ ಅನುಮಾನ ಬಂದಾಗ ಎಲ್ಲರೂ ಬೆರಳಿನ ಮೀಟರ್ ಹಾಕಿ ನೋಡುತ್ತಾರೆ. ಒಳ್ಳೆಯದೇ, ಆದರೆ ತಣ್ಣನೆಯ ಬೆರಳು ಅದನ್ನೂ ಕೆಡಿಸುತ್ತದೆ. ಅವತ್ತು ಅಪ್ಪನ ತಣ್ಣನೆಯ ಬೆರಳಿಗೆ ಹಾಕಿದಾಗ ಅದೂ 90, 93 ಎಂದು ಹೊಯ್ದಾಡಿತು. ಆ ಮೀಟರ್‌ನಲ್ಲಿ `PI` ಎಂದು ಇನ್ನೊಂದು ಅಂಕಿ ಬರುತ್ತದೆ. ಏರಿಳಿತ ಎಷ್ಟು ದೊಡ್ಡದು ಎಂಬುದರ ಶೇಕಡಾವಾರು ಅದು. ಆಗ 0.3 ಇತ್ತು. ಕೈ ಬೆಚ್ಚಗಾದ ಮೇಲೆ 2.4 ಆಯಿತು, ಆಕ್ಸಿಜನ್ 97ಕ್ಕೆ ನಿಂತು ಕದಲಲಿಲ್ಲ. `PI` 0.5ಕ್ಕಿಂತ ಕೆಳಗಿದ್ದರೆ ನಾನು ಬೆರಳಿನ ಅಂಕಿಯನ್ನೂ ಬರೆದುಕೊಳ್ಳುವುದಿಲ್ಲ. ನಿಮ್ಮ ಮೀಟರ್‌ನಲ್ಲಿ ಅದು ಇಲ್ಲದಿದ್ದರೆ ಬಡಿತದ ಪಟ್ಟಿ ಒಂದೇ ಲಯದಲ್ಲಿ ಏರಿಳಿಯುತ್ತಿದೆಯಾ ನೋಡಿ. ಕತ್ತಿನ ನಾಡಿ ಮುಟ್ಟಿ 30 ಸೆಕೆಂಡ್ ಎಣಿಸಿ, ಎರಡರಿಂದ ಗುಣಿಸಿ. ಮೀಟರ್ ತೋರಿಸುವ ನಾಡಿಗೆ ಅದು ಹೊಂದದಿದ್ದರೆ ಆಕ್ಸಿಜನ್ ಅಂಕಿಯನ್ನು ಬಿಟ್ಟುಬಿಡಿ.

ಉಗುರು ಬಣ್ಣ ತೆಗೆದಿರಬೇಕು. ಮೀಟರ್ ಹಾಕಿ ಒಂದು ನಿಮಿಷ ಕಾಯಿರಿ, ಮೊದಲು ಮಿನುಗಿದ ಅಂಕಿ ಹಿಡಿದುಕೊಳ್ಳಬೇಡಿ. ವಾಚಿಗೂ ಬೆರಳಿಗೂ ಎರಡು ಮೂರು ಅಂಕ ವ್ಯತ್ಯಾಸ ಬಂದರೆ ಅದು ದೋಷ ಅಲ್ಲ, ಇಂಥ ಉಪಕರಣಗಳ ನಿಖರತೆಯೇ ಅಷ್ಟು.

ಬೆಚ್ಚಗಿನ ಬೆರಳಿನಲ್ಲಿ, ಒಳ್ಳೆಯ ಸಿಗ್ನಲ್ ಇದ್ದೂ, ಅಂಕಿ 92 ಅಥವಾ ಅದಕ್ಕಿಂತ ಕೆಳಗೆ ನಿಂತರೆ ಅದನ್ನು ಸೆನ್ಸರ್ ದೋಷ ಎಂದು ತಳ್ಳಿಹಾಕಬೇಡಿ. ಅವತ್ತೇ ವೈದ್ಯರಿಗೆ ತಿಳಿಸಿ. 90ಕ್ಕಿಂತ ಕೆಳಗಿದ್ದರೆ ತುರ್ತು. ಹಳೆಯ ಶ್ವಾಸಕೋಶದ ಕಾಯಿಲೆ ಇದ್ದು ವೈದ್ಯರು ಬೇರೆ ಮಿತಿ ಹೇಳಿದ್ದರೆ ಅದನ್ನೇ ಹಿಡಿಯಿರಿ. ತುಂಬ ಎತ್ತರದ ಬೆಟ್ಟದ ಮೇಲೆ ಎಲ್ಲರಿಗೂ ಅಂಕಿ ಕೆಳಗಿರುತ್ತದೆ.

ರಾತ್ರಿಯ ಗ್ರಾಫಿನ ಗುಂಡಿಗಳು

ನಿದ್ದೆಯಲ್ಲಿ ಅಳೆಯುವ ವಾಚುಗಳ ಗ್ರಾಫಿನಲ್ಲಿ ಒಂದೆರಡು ಕಡೆ 80ರ ಆಸುಪಾಸಿಗೆ ಬಿದ್ದ ಚುಕ್ಕೆಗಳು ಇರುವುದು ಸಾಮಾನ್ಯ. ಕೈ ತಲೆಯ ಕೆಳಗೆ ಸಿಕ್ಕಿಕೊಂಡಾಗ, ಮಗ್ಗುಲು ಬದಲಿಸುವಾಗ ಹಾಗಾಗುತ್ತದೆ. ಒಂಟಿ ಚುಕ್ಕೆ, ಮುಂದಿನದು ಸರಿ ಇದೆ ಎಂದರೆ ಚಿಂತೆ ಬೇಡ. ಆದರೆ ವಾಚ್ ಸರಿಯಾಗಿ ಕೂತಿದ್ದೂ, ಗ್ರಾಫ್ ರಾತ್ರಿಯಿಡೀ ಗರಗಸದ ಹಲ್ಲಿನಂತೆ ಬಿದ್ದು ಏಳುತ್ತಿದ್ದು, ಹಲವು ರಾತ್ರಿ ಹಾಗೇ ಇದ್ದರೆ, ಜೊತೆಗೆ ಗೊರಕೆ, ಹಗಲು ತೂಕಡಿಕೆ ಇದ್ದರೆ ಅದು ಬೆಲ್ಟಿನ ಕಥೆ ಅಲ್ಲ. ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ ಹೀಗೇ ಕಾಣುತ್ತದೆ. ಆ ಗ್ರಾಫನ್ನು ವೈದ್ಯರಿಗೆ ತೋರಿಸಿ.

ಚೆನ್ನಾಗಿ ಕಾಣುವ ಸುಳ್ಳು

ಇಲ್ಲಿಯವರೆಗೆ ಹೇಳಿದ್ದೆಲ್ಲ ಸುಳ್ಳಾಗಿ ಕೆಳಗಿಳಿಯುವ ಅಂಕಿಯ ಬಗ್ಗೆ. ನನಗೆ ಹೆಚ್ಚು ಭಯ ಇರುವುದು ಸುಳ್ಳಾಗಿ ಮೇಲಿರುವ ಅಂಕಿಯ ಬಗ್ಗೆ, ಯಾಕೆಂದರೆ ಅದನ್ನು ಯಾರೂ ಪರೀಕ್ಷಿಸಲು ಹೋಗುವುದಿಲ್ಲ.

ಕಪ್ಪು ಚರ್ಮದಲ್ಲಿ ಪಲ್ಸ್ ಆಕ್ಸಿಮೀಟರ್ ಕೆಲವೊಮ್ಮೆ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ. ಅಮೆರಿಕದ ಆಸ್ಪತ್ರೆಗಳ ದಾಖಲೆ ಇಟ್ಟುಕೊಂಡು 2020ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಮೀಟರ್ 92ರಿಂದ 96 ತೋರಿಸಿದ ರೋಗಿಗಳನ್ನು ರಕ್ತ ಪರೀಕ್ಷೆಯ ಜೊತೆ ಹೋಲಿಸಿದ್ದರು. ರಕ್ತದಲ್ಲಿ ನಿಜಕ್ಕೂ 88ಕ್ಕಿಂತ ಕಡಿಮೆ ಇದ್ದದ್ದು ಕಪ್ಪು ಜನಾಂಗದವರಲ್ಲಿ ಸುಮಾರು 12%, ಬಿಳಿಯರಲ್ಲಿ ಸುಮಾರು 4%. ಅದು ಆಸ್ಪತ್ರೆಯ ಮೀಟರ್‌ಗಳ ಕಥೆ, ಮನೆಯ ವಾಚ್ ಅದಕ್ಕಿಂತ ವಾಸಿ ಎಂದುಕೊಳ್ಳುವಂತಿಲ್ಲ. ಹಾಗಾಗಿ ಚರ್ಮದ ಬಣ್ಣ ಗಾಢವಾಗಿದ್ದರೆ 93, 94ನ್ನು ಸಮಾಧಾನದ ಅಂಕಿ ಎಂದುಕೊಳ್ಳಬೇಡಿ. ನಿಮ್ಮ ಮಾಮೂಲಿ ಅಂಕಿ ಎಷ್ಟು ಎಂದು ಆರೋಗ್ಯವಾಗಿದ್ದಾಗಲೇ ಬರೆದಿಟ್ಟುಕೊಳ್ಳಿ. ಅದಕ್ಕಿಂತ ನಾಲ್ಕು ಇಳಿದರೆ ಅದು ಸುದ್ದಿಯೇ.

ಇನ್ನೊಂದು ಹೊಗೆ. ಮುಚ್ಚಿದ ಕೋಣೆಯಲ್ಲಿ ಇದ್ದಿಲು, ಜನರೇಟರ್, ಕೆಟ್ಟ ಗ್ಯಾಸ್ ಗೀಸರ್ ಉರಿದಾಗ ಬರುವ ಕಾರ್ಬನ್ ಮಾನಾಕ್ಸೈಡ್ ರಕ್ತದಲ್ಲಿ ಆಕ್ಸಿಜನ್ ಜಾಗವನ್ನು ಹಿಡಿದುಬಿಡುತ್ತದೆ. ಎರಡು ಬಣ್ಣದ ಸೆನ್ಸರ್‌ಗೆ ಅಂಥ ರಕ್ತ ಆಕ್ಸಿಜನ್ ತುಂಬಿದ ರಕ್ತದಂತೇ ಕಾಣುತ್ತದೆ. ಮನುಷ್ಯ ಉಸಿರುಗಟ್ಟುತ್ತಿದ್ದರೂ ವಾಚ್ 98 ಎನ್ನಬಹುದು. ಬೆಚ್ಚಗಿನ ಕೈ, ಸರಿಯಾದ ಬೆಲ್ಟ್, ಒಳ್ಳೆಯ ಬೆರಳಿನ ಮೀಟರ್ ಯಾವುದೂ ಇದನ್ನು ಹಿಡಿಯುವುದಿಲ್ಲ. ಒಂದೇ ಮನೆಯ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ, ಮಂಪರು ಬಂದರೆ ಮೀಟರ್ ಹುಡುಕಲು ಹೋಗಬೇಡಿ. ಎಲ್ಲರನ್ನೂ ಹೊರಗಿನ ಗಾಳಿಗೆ ಕರೆದುಕೊಂಡು ಬಂದು ತುರ್ತು ಸಹಾಯಕ್ಕೆ ಕರೆ ಮಾಡಿ.